ಗ್ರೋತ್ ಷೇರಾ, ವ್ಯಾಲ್ಯೂ ಷೇರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೋತ್, ವ್ಯಾಲ್ಯೂ ಅಂದರೆ ಏನು? ಸುತ್ತಿ ಬಳಸದೆ ಹೇಳಿ.

ಕಂಪನಿ ಮುಂದೆ ಜಾಸ್ತಿ ಲಾಭ ಮಾಡುತ್ತೆ ಅಂತ ನಂಬಿ, ಇವತ್ತಿನ ಲಾಭಕ್ಕೆ ಹೋಲಿಸಿದರೆ ದುಬಾರಿ ಎನಿಸುವ ಬೆಲೆ ಕೊಟ್ಟು ಕೊಳ್ಳುವುದು ಗ್ರೋತ್. ಈಗಾಗಲೇ ಬರುತ್ತಿರುವ ಲಾಭ, ಇರುವ ಆಸ್ತಿ, ಸಿಗುವ ಡಿವಿಡೆಂಡ್ ಇವುಗಳಿಗೆ ಹೋಲಿಸಿದರೆ ಅಗ್ಗ ಅನ್ನಿಸಿದ್ದನ್ನು ಕೊಳ್ಳುವುದು ವ್ಯಾಲ್ಯೂ. ಮೊದಲನೆಯದರಲ್ಲಿ ನೀವು ಲಾಭದ ಮೇಲೆ ಪಂಥ ಕಟ್ಟುತ್ತೀರಿ. ಎರಡನೆಯದರಲ್ಲಿ ಜನ ಅತಿಯಾಗಿ ಬೇಸರಪಟ್ಟುಕೊಂಡಿದ್ದಾರೆ ಅನ್ನುವುದರ ಮೇಲೆ.

ಎರಡನ್ನೂ ಅಳೆಯಲು ಬಳಸುವುದು ಒಂದೇ ಅಳತೆಗೋಲು, ಪಿಇ. ಷೇರಿನ ಬೆಲೆಯನ್ನು ಒಂದು ಷೇರಿಗೆ ಬಂದ ವಾರ್ಷಿಕ ಲಾಭದಿಂದ, ಅಂದರೆ ಇಪಿಎಸ್‌ನಿಂದ ಭಾಗಿಸಿದರೆ ಪಿಇ ಸಿಗುತ್ತದೆ. ಇದನ್ನೇ ತಿರುಗಿಸಿ ಬರೆದುಕೊಳ್ಳಿ:

ಬೆಲೆ = ಇಪಿಎಸ್ × ಪಿಇ

ಈ ಪುಟದಲ್ಲಿ ಮುಂದೆ ಬರುವ ಎಲ್ಲಾ ಮಾತೂ ಈ ಒಂದು ಸಾಲಿನಿಂದಲೇ ಹುಟ್ಟುತ್ತದೆ. ಷೇರಿನ ಬೆಲೆ ಎರಡು ಪಟ್ಟಾಯಿತು ಅಂದರೆ ಒಂದೋ ಲಾಭ ಎರಡು ಪಟ್ಟಾಗಿರಬೇಕು, ಇಲ್ಲವೇ ಅಷ್ಟೇ ಲಾಭಕ್ಕೆ ಜನ ಎರಡು ಪಟ್ಟು ಕೊಡಲು ತಯಾರಾಗಿರಬೇಕು, ಅಥವಾ ಎರಡೂ ಸ್ವಲ್ಪ ಸ್ವಲ್ಪ ಆಗಿರಬೇಕು. ಯಾವುದು ಎಷ್ಟು ಆಯಿತು ಅನ್ನುವುದನ್ನು ಹೆಚ್ಚಿನವರು ನೋಡುವುದೇ ಇಲ್ಲ.

ನಿಜವಾದ ಎರಡು ಕಂಪನಿ ಇಟ್ಟುಕೊಂಡು ತೋರಿಸಿ.

ಏಷ್ಯನ್ ಪೇಂಟ್ಸ್ ಮತ್ತು ಕೋಲ್ ಇಂಡಿಯಾ ತೆಗೆದುಕೊಳ್ಳೋಣ. ಒಂದು ನಮ್ಮ ಮಾರುಕಟ್ಟೆಯ ಮುದ್ದಿನ ಗ್ರೋತ್ ಷೇರು. ಇನ್ನೊಂದು ಸರ್ಕಾರಿ ಕಲ್ಲಿದ್ದಲು ಕಂಪನಿ, ವ್ಯಾಲ್ಯೂ ಬುಟ್ಟಿಯ ಖಾಯಂ ಸದಸ್ಯ.

ಕೋಲ್ ಇಂಡಿಯಾ 2010ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ಐಪಿಒ ಬೆಲೆ 245 ರೂಪಾಯಿ. ಹಿಂದಿನ ವರ್ಷ ಅದರ ಲಾಭ ಸುಮಾರು 9,600 ಕೋಟಿ, ಹಾಗಾಗಿ ಪಿಇ 16ರ ಆಸುಪಾಸು. ಅದೇ ಹೊತ್ತಿನಲ್ಲಿ ಏಷ್ಯನ್ ಪೇಂಟ್ಸ್ (ಒಂದು ಷೇರನ್ನು ಹಲವಾಗಿ ಒಡೆಯುವ ಸ್ಪ್ಲಿಟ್ ಆಮೇಲೆ ಆಯಿತು, ಅದಕ್ಕೆ ಹೊಂದಿಸಿ ನೋಡಿದರೆ) 270 ರೂಪಾಯಿ ಹತ್ತಿರ ಇತ್ತು, ಪಿಇ ಸುಮಾರು 30.

ಹತ್ತು ವರ್ಷ ಮುಂದೆ ಬನ್ನಿ, 2020ರ ಅಕ್ಟೋಬರ್. ಏಷ್ಯನ್ ಪೇಂಟ್ಸ್ 2,100ರ ಹತ್ತಿರ. ಕೋಲ್ ಇಂಡಿಯಾ 115ರ ಹತ್ತಿರ! ಒಂದು ಎಂಟು ಪಟ್ಟಿನ ಹತ್ತಿರ ಬಂದಿದೆ, ಇನ್ನೊಂದು ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಇಷ್ಟು ನೋಡಿದ ಯಾರೇ ಆದರೂ ಕಲ್ಲಿದ್ದಲು ಕಂಪನಿ ನಷ್ಟದಲ್ಲಿ ಮುಳುಗಿರಬೇಕು ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಆ ಹತ್ತು ವರ್ಷದಲ್ಲಿ ಕೋಲ್ ಇಂಡಿಯಾ ಲಾಭ 9,600 ಕೋಟಿಯಿಂದ 16,700 ಕೋಟಿಗೆ ಏರಿತ್ತು. ಬಿದ್ದಿದ್ದು ಲಾಭವಲ್ಲ, ಪಿಇ. 16 ಇದ್ದದ್ದು 4ರ ಚಿಲ್ಲರೆಗೆ ಬಂತು.

ಏಷ್ಯನ್ ಪೇಂಟ್ಸ್ ಕಡೆ ಲಾಭ ಸುಮಾರು 835 ಕೋಟಿಯಿಂದ 2,700 ಕೋಟಿಗೆ ಹೋಗಿತ್ತು, ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಒಳ್ಳೆಯ ಬೆಳವಣಿಗೆಯೇ. ಆದರೆ ಬೆಲೆ ಏರಿದ್ದು ಎಂಟು ಪಟ್ಟು ಹತ್ತಿರ. ಉಳಿದದ್ದು ಎಲ್ಲಿಂದ ಬಂತು? ಪಿಇ 30ರಿಂದ 75ಕ್ಕೆ ಏರಿತು, ಅಲ್ಲಿಂದ.

ಹಾಗಾದರೆ 2010ರಲ್ಲಿ ಕೋಲ್ ಇಂಡಿಯಾ ಕೊಂಡವರು ಪೂರ್ತಿ ಮುಳುಗಿದರಾ?

ಇಲ್ಲ. ಆ ಹತ್ತು ವರ್ಷದಲ್ಲಿ ಒಂದು ಷೇರಿಗೆ 150 ರೂಪಾಯಿಗೂ ಮೇಲೆ ಡಿವಿಡೆಂಡ್ ಬಂದಿದೆ. ಒಂದೇ ವರ್ಷದಲ್ಲಿ 29 ರೂಪಾಯಿ ಕೊಟ್ಟದ್ದೂ ಇದೆ. ಬೆಲೆಯ ಚಾರ್ಟ್ ಇದನ್ನು ತೋರಿಸುವುದಿಲ್ಲ. ವ್ಯಾಲ್ಯೂ ಷೇರುಗಳನ್ನು ಬರೀ ಚಾರ್ಟ್ ನೋಡಿ ಅಳೆದರೆ ಯಾವಾಗಲೂ ಅನ್ಯಾಯವಾಗುತ್ತದೆ. ಎಲ್ಲಾ ಸೇರಿಸಿದರೆ ಅಸಲು ಉಳಿದು ಒಂಚೂರು ಮೇಲೆ ಬಂತು ಅಷ್ಟೇ. ಬ್ಯಾಂಕ್ ಎಫ್‌ಡಿಯಲ್ಲಿ ಇಟ್ಟಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಆಮೇಲೆ ಗಾಳಿ ತಿರುಗಿದ್ದು ಹೇಗೆ?

ಈ ಭಾಗ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಓದಿ.

2021ರ ಅಕ್ಟೋಬರ್‌ನಲ್ಲಿ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ದಾಸ್ತಾನು ಅಪಾಯದ ಮಟ್ಟಕ್ಕೆ ಇಳಿಯಿತು. ಮುಂದಿನ ವರ್ಷ ಉಕ್ರೇನ್ ಯುದ್ಧ ಶುರುವಾಗಿ ವಿದೇಶಿ ಕಲ್ಲಿದ್ದಲಿನ ಬೆಲೆ ಮುಗಿಲು ಮುಟ್ಟಿತು. ಕೋಲ್ ಇಂಡಿಯಾ ತನ್ನ ಹೆಚ್ಚಿನ ಕಲ್ಲಿದ್ದಲನ್ನು ವಿದ್ಯುತ್ ಕಂಪನಿಗಳಿಗೆ ನಿಗದಿತ ದರದಲ್ಲಿ ಕೊಡುತ್ತದೆ, ಅಲ್ಲಿ ದರ ಏರಿಸುವುದು ಕಷ್ಟ. ಉಳಿದದ್ದನ್ನು ಇ-ಹರಾಜಿನಲ್ಲಿ ಮಾರುತ್ತದೆ. ಆ ಹರಾಜಿನ ದರ ಜಿಗಿಯಿತು. ಲಾಭ 2023–24ರಲ್ಲಿ 37,400 ಕೋಟಿಗೆ ತಲುಪಿತು. 2024ರ ಮಾರ್ಚ್ ಕೊನೆಗೆ ಷೇರು 435ರ ಹತ್ತಿರ. ಅಂದರೆ 115ರಿಂದ ಸುಮಾರು 3.8 ಪಟ್ಟು. ಇಪಿಎಸ್ 27ರಿಂದ 61ಕ್ಕೆ ಏರಿದ್ದು ಒಂದು ಭಾಗ, ಪಿಇ 4.3ರಿಂದ 7ಕ್ಕೆ ಬಂದದ್ದು ಇನ್ನೊಂದು ಭಾಗ. ಗಮನಿಸಿ, 7 ಅನ್ನುವುದು ಆಗಲೂ ಅಗ್ಗವೇ. ಯಾರೂ ಈ ಕಂಪನಿಯನ್ನು ಪ್ರೀತಿಸಲು ಶುರು ಮಾಡಿರಲಿಲ್ಲ, ದ್ವೇಷ ಕಡಿಮೆಯಾಗಿತ್ತು ಅಷ್ಟೇ.

ಏಷ್ಯನ್ ಪೇಂಟ್ಸ್ 2022ರ ಜನವರಿಯಲ್ಲಿ 3,500 ದಾಟಿತ್ತು. ಆ ಹಣಕಾಸು ವರ್ಷದ ಇಪಿಎಸ್ 32ರ ಹತ್ತಿರ, ಹಾಗಾಗಿ ಪಿಇ 110. ಎರಡು ವರ್ಷದಲ್ಲಿ ಇಪಿಎಸ್ 57ಕ್ಕೆ ಏರಿತು. ಇಷ್ಟು ದೊಡ್ಡ ಕಂಪನಿಗೆ ಇದು ಭರ್ಜರಿ ಸಾಧನೆ, ಲಾಭ ಶೇ 80ರಷ್ಟು ಮೇಲೆ. ಷೇರು? 2024ರ ಮಾರ್ಚ್ ಕೊನೆಗೆ 2,850ರ ಹತ್ತಿರ. ಲಾಭ ಅಷ್ಟು ಏರಿದರೂ ಬೆಲೆ ಇಳಿಯಿತು, ಯಾಕೆಂದರೆ ಪಿಇ 110ರಿಂದ 50ಕ್ಕೆ ಕುಸಿಯಿತು. ಅದಾದ ಮೇಲೆ ಬಿರ್ಲಾ ಓಪಸ್ ಅನ್ನುವ ಹೊಸ ಎದುರಾಳಿ ಪೇಂಟ್ ಅಂಗಡಿಗಳಿಗೆ ಬಂತು, ಬೇಡಿಕೆಯೂ ಸೊರಗಿತು. 2024–25ರಲ್ಲಿ ಲಾಭವೇ 3,700 ಕೋಟಿಯ ಆಸುಪಾಸಿಗೆ ಇಳಿದು, ಷೇರು 2,200ರ ಹತ್ತಿರ ಕಂಡಿತು.

ಒಂದು ಮಾತು: ನಾನು ಇಲ್ಲಿ ಬೇಕಂತಲೇ ತುದಿಗಳನ್ನು ಹಿಡಿದಿದ್ದೇನೆ. ಒಂದರ ತಳ, ಇನ್ನೊಂದರ ಶಿಖರ. ಯಾರ ಕೈಗೂ ಇವು ಸರಿಯಾಗಿ ಸಿಗುವುದಿಲ್ಲ. ಆದರೆ ಯಂತ್ರ ಹೇಗೆ ಓಡುತ್ತದೆ ಅನ್ನುವುದು ತುದಿಯಲ್ಲೇ ಚೆನ್ನಾಗಿ ಕಾಣುತ್ತದೆ.

ಬಡ್ಡಿ ದರ ಏರಿದರೆ ಗ್ರೋತ್ ಬೀಳುತ್ತೆ ಅಂತಾರೆ. ಯಾಕೆ?

ಲೆಕ್ಕ ಸರಳ. ಮುಂದಿನ ವರ್ಷ ಬರುವ 100 ರೂಪಾಯಿಗೆ ಇವತ್ತು ಎಷ್ಟು ಕೊಡಬಹುದು? ಬಡ್ಡಿ ಶೇ 6 ಇದ್ದರೆ 94 ರೂಪಾಯಿ. ಶೇ 8 ಆದರೆ 92 ರೂಪಾಯಿ 60 ಪೈಸೆ. ದೊಡ್ಡ ವ್ಯತ್ಯಾಸವೇನಿಲ್ಲ.

ಈಗ ಅದೇ 100 ರೂಪಾಯಿ 15 ವರ್ಷದ ನಂತರ ಬರುತ್ತದೆ ಅಂದುಕೊಳ್ಳಿ. ಶೇ 6ರಲ್ಲಿ ಅದರ ಇವತ್ತಿನ ಬೆಲೆ 41 ರೂಪಾಯಿ 70 ಪೈಸೆ. ಶೇ 8ರಲ್ಲಿ 31 ರೂಪಾಯಿ 50 ಪೈಸೆ. ಕಂಪನಿಯಲ್ಲಿ ಏನೂ ಕೆಟ್ಟಿಲ್ಲ, ಬರಿ ಬಡ್ಡಿ ಎರಡು ಪರ್ಸೆಂಟ್ ಏರಿದ್ದಕ್ಕೆ ಕಾಲು ಭಾಗ ಬೆಲೆ ಹೋಯಿತು. ಗ್ರೋತ್ ಕಂಪನಿಯ ಹೆಚ್ಚಿನ ಲಾಭ ದೂರದ ವರ್ಷಗಳಲ್ಲಿ ಇರುತ್ತದೆ, ವ್ಯಾಲ್ಯೂ ಕಂಪನಿಯದ್ದು ಹತ್ತಿರದಲ್ಲಿ. ಹೊಡೆತ ಯಾರಿಗೆ ಜೋರು ಅಂತ ಇನ್ನು ಹೇಳಬೇಕಿಲ್ಲ.

ಅಮೆರಿಕದಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ನಡೆಯಿತು. 2020ರಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇದ್ದಾಗ ಅಲ್ಲಿನ ದೊಡ್ಡ ಕಂಪನಿಗಳ ರಸೆಲ್ 1000 ಗ್ರೋತ್ ಸೂಚ್ಯಂಕ ಶೇ 38ರಷ್ಟು ಏರಿತು, ವ್ಯಾಲ್ಯೂ ಸೂಚ್ಯಂಕ ಬರೀ ಶೇ 3ರ ಹತ್ತಿರ. 2022ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡ್ ಒಂದೇ ವರ್ಷದಲ್ಲಿ ದರವನ್ನು ಸೊನ್ನೆಯಿಂದ ಶೇ 4ರ ಮೇಲಕ್ಕೆ ಒಯ್ದಿತು. ಆಗ ಗ್ರೋತ್ ಶೇ 29ರಷ್ಟು ಬಿತ್ತು, ವ್ಯಾಲ್ಯೂ ಶೇ 8ಕ್ಕಿಂತ ಕಡಿಮೆ.

ಆದರೆ ಇದನ್ನೇ ಸೂತ್ರ ಮಾಡಿಕೊಂಡು ಕೂರಬೇಡಿ. 2023ರಲ್ಲಿ ಬಡ್ಡಿ ಇನ್ನೂ ಮೇಲೇ ಇತ್ತು, ಆದರೂ ಅಲ್ಲಿ ಗ್ರೋತ್ ಷೇರುಗಳು ವ್ಯಾಲ್ಯೂವನ್ನು ಬಹಳ ಹಿಂದೆ ಹಾಕಿದವು. ಎನ್‌ವಿಡಿಯಾ ತರದ ಕಂಪನಿಗಳ ಲಾಭ ದೂರದ ಕನಸಾಗಿ ಉಳಿಯದೆ ಕೈಗೇ ಬರತೊಡಗಿತ್ತು. ಲಾಭ ಹತ್ತಿರ ಬಂದರೆ ಬಡ್ಡಿಯ ಹಿಡಿತ ಸಡಿಲವಾಗುತ್ತದೆ.

ಭಾರತದಲ್ಲೂ ಕಾರಣ ಬಡ್ಡಿಯೇನಾ?

ನನ್ನ ಪ್ರಕಾರ ಇಲ್ಲಿ ಬಡ್ಡಿ ಎರಡನೇ ಕಾರಣ. ಮೊದಲನೆಯದು ಲಾಭದ ಬರ.

2008ರ ನಂತರ ನಮ್ಮ ಲಿಸ್ಟೆಡ್ ಕಂಪನಿಗಳ ಒಟ್ಟು ಲಾಭ ಜಿಡಿಪಿಗೆ ಹೋಲಿಸಿದರೆ ಕುಗ್ಗುತ್ತಾ ಹೋಗಿ, 2020ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂತು. ಉಕ್ಕು, ವಿದ್ಯುತ್, ರಸ್ತೆ ಯೋಜನೆಗಳಿಗೆ ಕೊಟ್ಟ ಸಾಲ ವಾಪಸ್ ಬರಲಿಲ್ಲ. 2015ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಪುಸ್ತಕ ತೆಗೆದು ಕೆಟ್ಟ ಸಾಲವನ್ನು ಕೆಟ್ಟ ಸಾಲ ಅಂತಲೇ ತೋರಿಸಿ ಎಂದಿತು. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳ ಎನ್‌ಪಿಎ, ಅಂದರೆ ಒಟ್ಟು ಸಾಲದಲ್ಲಿ ಕೆಟ್ಟ ಸಾಲದ ಪಾಲು, ಶೇ 11 ದಾಟಿತ್ತು. ಆ ಒಂದೇ ವರ್ಷ ಸರ್ಕಾರಿ ಬ್ಯಾಂಕುಗಳು ಒಟ್ಟಾಗಿ 85,000 ಕೋಟಿ ರೂಪಾಯಿ ನಷ್ಟ ತೋರಿಸಿದವು.

ಇಂಥ ಕಾಲದಲ್ಲಿ ಪ್ರತಿ ವರ್ಷ ತಪ್ಪದೆ ಶೇ 12, 15 ಲಾಭ ಹೆಚ್ಚಿಸುವ ಕಂಪನಿಗಳು ಬೆರಳೆಣಿಕೆಯಷ್ಟು. ಪೇಂಟ್, ಸೋಪು, ಬಿಸ್ಕತ್ತು, ಕೆಲವು ಖಾಸಗಿ ಬ್ಯಾಂಕು. ಮಾರುಕಟ್ಟೆಯ ದುಡ್ಡೆಲ್ಲಾ ಆ ಕೆಲವೇ ಬಾಗಿಲಲ್ಲಿ ನೂಕುನುಗ್ಗಲು ಮಾಡಿತು. ಪಿಇ 30 ಇದ್ದದ್ದು 75 ಆದದ್ದು ಹೀಗೆ. ಕಂಪನಿ ಎರಡೂವರೆ ಪಟ್ಟು ಉತ್ತಮವಾಯಿತು ಅಂತಲ್ಲ, ಅದರಂಥದ್ದು ಬೇರೆ ಸಿಗಲಿಲ್ಲ ಅಂತ.

2020ರ ನಂತರ ಲಾಭ ಎಲ್ಲಾ ಕಡೆ ಚಿಗುರಿತು. ಜಿಡಿಪಿಯಲ್ಲಿ ಲಾಭದ ಪಾಲು 2024ರ ಹೊತ್ತಿಗೆ ಎರಡು ಪಟ್ಟಿಗೂ ಮೇಲಾಯಿತು. ಎನ್‌ಪಿಎ ಶೇ 3ಕ್ಕಿಂತ ಕೆಳಗೆ ಇಳಿಯಿತು. ನಷ್ಟದಲ್ಲಿದ್ದ ಅದೇ ಸರ್ಕಾರಿ ಬ್ಯಾಂಕುಗಳು 2023–24ರಲ್ಲಿ ಸುಮಾರು 1.4 ಲಕ್ಷ ಕೋಟಿ ಲಾಭ ತೋರಿಸಿದವು. ಎಸ್‌ಬಿಐ 2020ರ ಮೇನಲ್ಲಿ 150ರ ಹತ್ತಿರ ಇದ್ದದ್ದು 2024ರಲ್ಲಿ 800 ದಾಟಿತು. ಪಿಇ 6, 7ಕ್ಕೆ ಸಿಗುವ ಕಂಪನಿಯೇ ಲಾಭ ದುಪ್ಪಟ್ಟು ಮಾಡುತ್ತಿರುವಾಗ 80 ಪಿಇ ಯಾಕೆ ಕೊಡಬೇಕು ಅಂತ ಜನ ಕೇಳತೊಡಗಿದರು.

ಇದಕ್ಕೆ ಒಂದು ಸಾಕ್ಷಿಯೂ ಇದೆ. ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯನ್ನು, ಅಂದರೆ ರೆಪೋ ದರವನ್ನು ಏರಿಸಲು ಶುರು ಮಾಡಿದ್ದು 2022ರ ಮೇನಲ್ಲಿ. ಆದರೆ ಸರ್ಕಾರಿ ಕಂಪನಿ, ಲೋಹ, ಬ್ಯಾಂಕ್ ಷೇರುಗಳು ಎದ್ದು ನಿಂತದ್ದು 2020ರ ಕೊನೆಯಲ್ಲೇ, ರೆಪೋ ಶೇ 4ರಲ್ಲಿ ಇದ್ದಾಗ. ಬಡ್ಡಿಯೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ಫೋಸಿಸ್ 2000ದಲ್ಲಿ ಕೊಂಡು ಬೆಂಗಳೂರಿನಲ್ಲಿ ಎಷ್ಟೋ ಜನ ಕೈ ಸುಟ್ಟುಕೊಂಡರಂತೆ. ಕಂಪನಿ ಚೆನ್ನಾಗೇ ಇತ್ತಲ್ಲ?

ತುಂಬಾ ಚೆನ್ನಾಗಿತ್ತು. 1999–2000ರಲ್ಲಿ ಅದರ ಲಾಭ 300 ಕೋಟಿಗೆ ಸ್ವಲ್ಪ ಕಡಿಮೆ, ಮೂರು ವರ್ಷದಲ್ಲಿ 950 ಕೋಟಿ ದಾಟಿತು. ಆದರೆ 2000ದ ಮಾರ್ಚ್‌ನಲ್ಲಿ ಜನ ಕೊಟ್ಟ ಪಿಇ 200ಕ್ಕೂ ಮೇಲೆ. ಲಾಭ ಮೂರು ಪಟ್ಟಾದರೂ ಷೇರು ಹಳೆಯ ಶಿಖರದ ಹತ್ತಿರವೂ ಸುಳಿಯಲಿಲ್ಲ. 2003ರ ಏಪ್ರಿಲ್ 10ರಂದು ಮುಂದಿನ ವರ್ಷದ ಅಂದಾಜು ಸ್ವಲ್ಪ ಸಪ್ಪೆಯಾಗಿದೆ ಅಂತ ಒಂದೇ ದಿನ ಶೇ 27ರಷ್ಟು ಕುಸಿಯಿತು. ಕಂಪನಿ ಬಗ್ಗೆ ಆ ಜನ ಅಂದುಕೊಂಡದ್ದು ಸರಿಯಾಗಿತ್ತು. ಕೊಟ್ಟ ಬೆಲೆ ತಪ್ಪಾಗಿತ್ತು.

ಪಿಇ 4, 5 ಇರುವುದನ್ನೆಲ್ಲಾ ಕೊಂಡರೆ ವ್ಯಾಲ್ಯೂ ಇನ್ವೆಸ್ಟಿಂಗ್ ಆಯ್ತಲ್ಲ?

ಅಯ್ಯೋ, ಇಲ್ಲ. ಟಾಟಾ ಸ್ಟೀಲ್ ನೋಡಿ. 2021–22ರಲ್ಲಿ ಅದರ ಲಾಭ ಸುಮಾರು 40,000 ಕೋಟಿ. ಷೇರು ಆಗಿನ ಲೆಕ್ಕದಲ್ಲಿ 1,300 ರೂಪಾಯಿ, ಪಿಇ 4. ಅಗ್ಗ ಅಂತ ಕಾಣುತ್ತೆ. ಮರುವರ್ಷ ಲಾಭ 9,000 ಕೋಟಿಯೊಳಗೆ ಬಂತು, ಅದರ ಮರುವರ್ಷ 4,000 ಕೋಟಿಗೂ ಜಾಸ್ತಿ ನಷ್ಟ. ಉಕ್ಕು, ಸಕ್ಕರೆ, ಸಿಮೆಂಟ್, ರಾಸಾಯನಿಕ ಇಂಥ ಏರಿಳಿತದ ಧಂದೆಗಳಲ್ಲಿ ಪಿಇ ಅತಿ ಕಡಿಮೆ ಕಾಣುವುದೇ ಲಾಭ ಶಿಖರದಲ್ಲಿದ್ದಾಗ. ಯಾಕೆಂದರೆ ಈ ಲಾಭ ಉಳಿಯಲ್ಲ ಅಂತ ಮಾರುಕಟ್ಟೆಗೆ ಗೊತ್ತಿರುತ್ತದೆ, ಅದು ಬೆಲೆಯನ್ನು ಅಷ್ಟು ಏರಿಸಿರುವುದಿಲ್ಲ.

ಇಲ್ಲಿ ಒಂದು ವರ್ಷದ ಇಪಿಎಸ್ ಬಿಟ್ಟು ಕಳೆದ 7, 8 ವರ್ಷದ ಸರಾಸರಿ ಇಪಿಎಸ್ ಇಟ್ಟುಕೊಂಡು ಪಿಇ ಲೆಕ್ಕ ಹಾಕಿ. 4 ಇದ್ದದ್ದು ದಿಢೀರನೆ 15 ಆಗಬಹುದು. ಆಗ ನಿಜವಾದ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ತರದ ಬಲೆ ನಿಧಾನದ್ದು. 2015ರಲ್ಲಿ ಸರ್ಕಾರ ಕೋಲ್ ಇಂಡಿಯಾದ ಶೇ 10ರಷ್ಟು ಪಾಲನ್ನು 358 ರೂಪಾಯಿಗೆ ಮಾರಿತು. ಆಮೇಲೂ ಆಗಾಗ ಮಾರುತ್ತಲೇ ಇತ್ತು. ಬೆಲೆ ಸ್ವಲ್ಪ ಏರಿದರೆ ಸಾಕು, ಸರ್ಕಾರ ಇನ್ನಷ್ಟು ಷೇರು ತರುತ್ತೆ ಅನ್ನುವ ಭಯ. ಜೊತೆಗೆ ಸೋಲಾರ್ ಬಂದರೆ ಕಲ್ಲಿದ್ದಲು ಯಾರಿಗೆ ಬೇಕು ಅನ್ನುವ ಮಾತು. ಹಾಗಾಗಿ ಅಗ್ಗ ಅಂತ ಕೊಳ್ಳುವ ಮೊದಲು ಕೇಳಬೇಕಾದದ್ದು ಇದು: ಯಾಕೆ ಅಗ್ಗ, ಮತ್ತು ಆ ಕಾರಣ ಹೋಗುವವರೆಗೆ ನನಗೆ ಕಾಯುವುದಕ್ಕೆ ಏನು ಸಿಗುತ್ತೆ? 2020ರಲ್ಲಿ 115 ರೂಪಾಯಿಗೆ 12 ರೂಪಾಯಿ ಡಿವಿಡೆಂಡ್ ಬರುತ್ತಿತ್ತು, ಶೇ 10ಕ್ಕೂ ಮೇಲೆ. 2015ರಲ್ಲಿ 358 ಕೊಟ್ಟವರಿಗೆ ಅಷ್ಟು ದೊಡ್ಡ ಮೆತ್ತೆ ಇರಲಿಲ್ಲ.

ತಿರುವು ಯಾವಾಗ ಅಂತ ಮೊದಲೇ ತಿಳಿಯಬಹುದಾ?

ದಿನಾಂಕ ತಿಳಿಯಲ್ಲ. ದುಬಾರಿ ಷೇರುಗಳ ಪಿಇಗೂ ಅಗ್ಗದ ಷೇರುಗಳ ಪಿಇಗೂ ನಡುವೆ ಎಷ್ಟು ಅಂತರ ಇದೆ ಅಂತ ಮಾತ್ರ ನೋಡಬಹುದು. 75 ಮತ್ತು 4 ಅನ್ನುವುದು ವಿಪರೀತದ ಅಂತರ, ಅಲ್ಲಿಂದ ಮುಂದೆ ವ್ಯಾಲ್ಯೂ ಗೆಲ್ಲುವ ಸಾಧ್ಯತೆ ಜಾಸ್ತಿ. ತೊಂದರೆ ಏನೆಂದರೆ 2018ರಲ್ಲೂ ಅಂತರ ವಿಪರೀತ ಅಂತಲೇ ಕಾಣುತ್ತಿತ್ತು, 2019ರಲ್ಲಿ ಇನ್ನೂ ಹಿಗ್ಗಿತು.

ಜೂಲಿಯನ್ ರಾಬರ್ಟ್‌ಸನ್ ಅನ್ನುವ ದೊಡ್ಡ ಹೂಡಿಕೆದಾರ ಅಮೆರಿಕದಲ್ಲಿ ಟೈಗರ್ ಎಂಬ ಫಂಡ್ ನಡೆಸುತ್ತಿದ್ದರು. ಟೆಕ್ ಷೇರುಗಳ ಬೆಲೆಗೆ ಅರ್ಥವಿಲ್ಲ ಅಂತ ಹೇಳಿ ದೂರ ಉಳಿದರು, ಗ್ರಾಹಕರು ದುಡ್ಡು ವಾಪಸ್ ತೆಗೆಯುತ್ತಾ ಹೋದರು. ಕೊನೆಗೆ 2000ದ ಮಾರ್ಚ್‌ನಲ್ಲಿ ಫಂಡ್ ಮುಚ್ಚುವುದಾಗಿ ಪ್ರಕಟಿಸಿದರು. ಟೆಕ್ ಷೇರುಗಳೇ ತುಂಬಿದ್ದ ನಾಸ್ಡಾಕ್ ಸೂಚ್ಯಂಕ ಶಿಖರ ಮುಟ್ಟಿದ್ದೂ ಅದೇ ತಿಂಗಳು, 10ರಂದು. ಅಲ್ಲಿಂದ ಅದು 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲಿಗಿಂತ ಜಾಸ್ತಿ ಕರಗಿತು.

ಹಾಗಾದರೆ ವರ್ಷ ವರ್ಷ ಅದರಿಂದ ಇದಕ್ಕೆ ಜಿಗಿಯುವುದು ಬೇಡವಾ?

ಬೇಡ. ಒಂದು ವರ್ಷದೊಳಗೆ ಮಾರಿದರೆ ಲಾಭದಲ್ಲಿ ಶೇ 20 ತೆರಿಗೆ, ವರ್ಷ ದಾಟಿದರೂ 1.25 ಲಕ್ಷದ ಮೇಲಿನದಕ್ಕೆ ಶೇ 12.5. ಇದು 2024ರ ಜುಲೈನಿಂದ ಇರುವ ದರ. ಅದಕ್ಕಿಂತ ದೊಡ್ಡ ನಷ್ಟ, ಜನ ಜಿಗಿಯುವುದು ಯಾವಾಗಲೂ ಕಳೆದ ಮೂರು ವರ್ಷದ ರಿಟರ್ನ್ ಪಟ್ಟಿ ನೋಡಿ. ಆ ಪಟ್ಟಿಯಲ್ಲಿ ಮೇಲಿರುವುದು ಆಗಲೇ ಪಿಇ ಏರಿಸಿಕೊಂಡಿರುತ್ತದೆ.

ನನ್ನ ಷೇರು ಏರಿದ್ದು ಲಾಭದಿಂದಲೋ, ಪಿಇಯಿಂದಲೋ ಅಂತ ನೋಡುವುದು ಹೇಗೆ?

ಸ್ಕ್ರೀನರ್ ತರದ ಯಾವುದೇ ವೆಬ್‌ಸೈಟಿನಲ್ಲಿ ಹತ್ತು ವರ್ಷದ ಇಪಿಎಸ್ ಸಿಗುತ್ತದೆ. ನೀವು ಕೊಂಡ ದಿನದ ಬೆಲೆ ಮತ್ತು ಇಪಿಎಸ್, ಇವತ್ತಿನ ಬೆಲೆ ಮತ್ತು ಇಪಿಎಸ್ ಬರೆದುಕೊಳ್ಳಿ. ಸ್ಪ್ಲಿಟ್, ಬೋನಸ್ ಆಗಿದ್ದರೆ ಎರಡನ್ನೂ ಒಂದೇ ಲೆಕ್ಕಕ್ಕೆ ತನ್ನಿ, ಎಡವುವುದು ಹೆಚ್ಚಾಗಿ ಇಲ್ಲೇ. ಇಪಿಎಸ್ ಎಷ್ಟು ಪಟ್ಟು, ಪಿಇ ಎಷ್ಟು ಪಟ್ಟು ನೋಡಿ. ಬೆಲೆ 3 ಪಟ್ಟಾಗಿದ್ದು, ಅದರಲ್ಲಿ ಇಪಿಎಸ್ 1.2 ಪಟ್ಟು, ಪಿಇ 2.5 ಪಟ್ಟು ಅಂತ ಬಂದರೆ ನಿಮಗೆ ಸಿಕ್ಕಿದ್ದು ಹೆಚ್ಚಾಗಿ ಮಾರುಕಟ್ಟೆಯ ಮೂಡು. ಅದು ಕೊಟ್ಟಷ್ಟೇ ಸಲೀಸಾಗಿ ವಾಪಸ್ ತೆಗೆದುಕೊಳ್ಳುತ್ತದೆ. ನಷ್ಟದಲ್ಲಿರುವ ಕಂಪನಿಗೆ ಈ ಲೆಕ್ಕ ನಡೆಯಲ್ಲ, ಬ್ಯಾಂಕುಗಳಿಗೆ ಇಪಿಎಸ್ ಬದಲು ಒಂದು ಷೇರಿನ ಪುಸ್ತಕದ ಮೌಲ್ಯ, ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು, ಇಟ್ಟುಕೊಂಡು ಬೆಲೆಯನ್ನು ಅದರಿಂದ ಭಾಗಿಸಿದರೆ ಚೆನ್ನ.

ನನ್ನ ಮ್ಯೂಚುವಲ್ ಫಂಡ್ ಹೆಸರಿನಲ್ಲಿ ‘ಡೈರೆಕ್ಟ್ ಗ್ರೋತ್’ ಅಂತಿದೆ. ಅದು ಗ್ರೋತ್ ಷೇರುಗಳ ಫಂಡಾ?

ಅಲ್ಲ. ಅಲ್ಲಿ ‘ಗ್ರೋತ್’ ಅಂದರೆ ಬಂದ ಲಾಭವನ್ನು ನಿಮಗೆ ಹಂಚದೆ ಫಂಡಿನಲ್ಲೇ ಉಳಿಸುವ ಆಯ್ಕೆ. ಅದರ ಪಕ್ಕದ ಆಯ್ಕೆಯ ಹೆಸರು ಐಡಿಸಿಡಬ್ಲ್ಯು, ಮೊದಲು ಡಿವಿಡೆಂಡ್ ಅಂತಿದ್ದದ್ದು. ವ್ಯಾಲ್ಯೂ ಫಂಡಿನಲ್ಲೂ ಗ್ರೋತ್ ಆಯ್ಕೆ ಇರುತ್ತದೆ! ‘ವ್ಯಾಲ್ಯೂ ಫಂಡ್’ ಅನ್ನುವ ವರ್ಗವನ್ನು ಸೆಬಿ 2017ರ ವಿಂಗಡಣೆಯಲ್ಲೇ ಮಾಡಿದೆ, ‘ಗ್ರೋತ್ ಫಂಡ್’ ಅನ್ನುವ ವರ್ಗವನ್ನು ಮಾಡಲಿಲ್ಲ. ಹಾಗಾಗಿ ನಿಮ್ಮ ಫ್ಲೆಕ್ಸಿ ಕ್ಯಾಪ್ ಫಂಡ್ ಯಾವ ಕಡೆ ವಾಲಿದೆ ಅಂತ ಹೆಸರು ಹೇಳಲ್ಲ. ತಿಂಗಳ ಫ್ಯಾಕ್ಟ್‌ಶೀಟ್ ತೆಗೆದು ಮೊದಲ ಹತ್ತು ಷೇರು ಯಾವುದು ನೋಡಿ, ಫಂಡಿನ ಸರಾಸರಿ ಪಿಇ ಕೊಟ್ಟಿದ್ದರೆ ನಿಫ್ಟಿ 500ರ ಪಿಇ ಜೊತೆ ಹೋಲಿಸಿ. ಎರಡು ಫಂಡ್ ಇಟ್ಟುಕೊಂಡವರು ಎರಡರದ್ದೂ ತೆಗೆದು ಪಕ್ಕಪಕ್ಕ ಇಡಿ, ಎಷ್ಟೋ ಸಲ ಅವೇ ಏಳೆಂಟು ಷೇರು ಎರಡರಲ್ಲೂ ಇರುತ್ತವೆ.